ರಿವ್ಯೂವರ್ ಕೇಳಿದ ಕಾಲಂ ಪ್ರಯೋಗ ಬೇಡವೆನ್ನಬೇಕು: ಉತ್ತರ ಪತ್ರವನ್ನು ಒಮ್ಮೆ ನೋಡಿಕೊಡಿ

ಗಡಿಗೆನೀರು

ನನ್ನ ಮೊದಲ ಪೇಪರ್ ಮೇಜರ್ ರಿವಿಷನ್‌ಗೆ ಮರಳಿದೆ. ಕೊಟ್ಟ ಅರವತ್ತು ದಿನಗಳಲ್ಲಿ ಇನ್ನು ಮೂರು ವಾರ ಉಳಿದಿವೆ. ಮೊದಲನೆಯ ರಿವ್ಯೂವರ್ ಕಾಗುಣಿತ ತಿದ್ದಿ ಬಿಟ್ಟುಬಿಟ್ಟಿದ್ದಾರೆ. ಎರಡನೆಯವರದೇ ತೊಂದರೆ.

ಕೆಲಸ ಇಷ್ಟು. ನೀರಿನ ಫ್ಲೋರೈಡ್ ತೆಗೆಯುವ ಆಕ್ಟಿವೇಟೆಡ್ ಅಲ್ಯೂಮಿನಾ, ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದರೆ ಎಷ್ಟು ಸೊರಗುತ್ತದೆ ಎಂದು ನೋಡಿದ್ದೇವೆ. ನಾನು ಪಾವಗಡದ ಕಡೆಯವಳು, ಹಾಗಾಗಿ ವಿಷಯ ಮನೆಯಲ್ಲೇ ಇತ್ತು. ಭಟ್ಟಿ ಇಳಿಸಿದ ನೀರಿಗೆ ಲೀಟರಿಗೆ 5 ಮಿಲಿಗ್ರಾಂ ಫ್ಲೋರೈಡ್ ಸೇರಿಸಿ, 100 ಮಿಲಿಲೀಟರ್ ಬಾಟಲಿಗೆ ಅರ್ಧ ಗ್ರಾಂ ಅಲ್ಯೂಮಿನಾ ಹಾಕಿ, ಒಂದು ದಿನ ಶೇಕರ್ ಮೇಲೆ ಬಿಟ್ಟೆವು. ಬೈಕಾರ್ಬೊನೇಟ್ ಇಲ್ಲದ ಬಾಟಲಿಯಲ್ಲಿ ಕೊನೆಗೆ 0.8 ಉಳಿಯಿತು, ಲೀಟರಿಗೆ 400 ಮಿಲಿಗ್ರಾಂ ಬೈಕಾರ್ಬೊನೇಟ್ ಇದ್ದದ್ದರಲ್ಲಿ 2.9 ಉಳಿಯಿತು. ಅಂದರೆ ಹೀರುವ ಶಕ್ತಿ ಗ್ರಾಂಗೆ 0.84 ಮಿಲಿಗ್ರಾಂನಿಂದ 0.42ಕ್ಕೆ, ಸರಿಯಾಗಿ ಅರ್ಧಕ್ಕೆ ಇಳಿಯಿತು.

ಎರಡನೆಯ ರಿವ್ಯೂವರ್ ಹೇಳಿದ್ದನ್ನು ಕನ್ನಡದಲ್ಲಿ ಕೊಡುತ್ತೇನೆ. ಅವರು ಕೇಳುವ ಕಾಲಂ ಪ್ರಯೋಗವೆಂದರೆ ಕೊಳವೆಯಲ್ಲಿ ಅಲ್ಯೂಮಿನಾ ತುಂಬಿ ಅದರ ಮೂಲಕ ನೀರು ಹಾಯಿಸಿ ನೋಡುವುದು.

ಅಂಶ 2: "ಬೈಕಾರ್ಬೊನೇಟಿನ ಪರಿಣಾಮವನ್ನು ಪಿಎಚ್ ಪರಿಣಾಮದಿಂದ ಬೇರ್ಪಡಿಸಿರುವುದು ಸ್ಪಷ್ಟವಾಗಿಲ್ಲ."

ಅಂಶ 3: "ಕನಿಷ್ಠ ಐದು ಹಳ್ಳಿಗಳ ನಿಜವಾದ ಅಂತರ್ಜಲವನ್ನು ಬಳಸಿ ಕಾಲಂ ಪ್ರಯೋಗ ನಡೆಸಬೇಕು, ಅಲ್ಯೂಮಿನಾವನ್ನು ಹತ್ತು ಬಾರಿ ಪುನಶ್ಚೇತನಗೊಳಿಸಿ ಫಲಿತಾಂಶ ತೋರಿಸಬೇಕು. ಇದಿಲ್ಲದೆ ಲೇಖಕರ ತೀರ್ಮಾನ ನಿಲ್ಲುವುದಿಲ್ಲ."

ಎರಡನೆಯದಕ್ಕೆ ಒಂದೇ ಸಾಲಿನ ಉತ್ತರವಿದೆ: ಬೈಕಾರ್ಬೊನೇಟ್ ಇಲ್ಲದ ಬಾಟಲಿಯನ್ನೂ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 8.2 ಪಿಎಚ್‌ಗೆ ತಂದಿದ್ದೆವು. ಮೂರನೆಯದಕ್ಕೆ ಹೀಗೆ ಬರೆದಿದ್ದೇನೆ:

"ಅಮೂಲ್ಯವಾದ ಸಲಹೆಗಾಗಿ ರಿವ್ಯೂವರ್ ಅವರಿಗೆ ಹೃತ್ಪೂರ್ವಕ ಕೃತಜ್ಞತೆಗಳು. ಆದರೆ ಈ ಪ್ರಯೋಗ ನಮ್ಮ ಅಧ್ಯಯನದ ವ್ಯಾಪ್ತಿಗೆ ಮೀರಿದ್ದು. ಹತ್ತು ಆವೃತ್ತಿಗಳಿಗೆ ಸುಮಾರು ಒಂದೂವರೆ ವರ್ಷ ಬೇಕಾಗುತ್ತದೆ ಮತ್ತು ನಮ್ಮ ಪ್ರಯೋಗಾಲಯದಲ್ಲಿ ಆ ಅನುಕೂಲವಿಲ್ಲ. ಮುಂದಿನ ಅಧ್ಯಯನದಲ್ಲಿ ಖಂಡಿತ ಕೈಗೊಳ್ಳುತ್ತೇವೆ."

ಮರ್ಯಾದೆ ಮೀರಿಲ್ಲವಷ್ಟೆ?

ಮೊದಲಮಳೆ

ಚೆನ್ನಾಗಿದೆ, ಕಳುಹಿಸಿ. "ವ್ಯಾಪ್ತಿಗೆ ಮೀರಿದ್ದು" ಎಂಬ ಮಾತು ನನ್ನ ಎರಡು ಪೇಪರ್‌ಗಳಲ್ಲಿ ಕೆಲಸ ಮಾಡಿದೆ. ಕೊನೆಗೆ ನಿರ್ಧರಿಸುವವರು ಸಂಪಾದಕರು, ರಿವ್ಯೂವರ್ ಅಲ್ಲ. ಸಂಪಾದಕರಿಗೆ ಬರೆಯುವ ಪ್ರತ್ಯೇಕ ಪತ್ರದಲ್ಲಿ ಈ ರಿವ್ಯೂವರ್ ವಿಪರೀತ ಕೇಳುತ್ತಿದ್ದಾರೆ ಎಂದು ಒಂದು ಸಾಲು ಸೇರಿಸಿಬಿಡಿ. ಅಷ್ಟು ಸಾಕು.

ಬಾಗೇಪಲ್ಲಿಮನೆ

ಮೇಡಂ, ನಿಮ್ಮ ಬರಹ ನೋಡಿ ಕೇಳುತ್ತಿದ್ದೇನೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ 2.4 ಎಂದು ವರದಿ ಬಂದಿದೆ. ಈ ಅಲ್ಯೂಮಿನಾ ಫಿಲ್ಟರ್ ಹಾಕಿಸಿದರೆ ಅರ್ಧದಷ್ಟೇ ಕೆಲಸ ಮಾಡುತ್ತದೆ ಎಂದು ಅರ್ಥವೇ? ಅಷ್ಟರವರೆಗೆ ನಮ್ಮಮ್ಮ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕೊಡುತ್ತಿದ್ದಾರೆ.

ಹಳೇತಕ್ಕಡಿ

ಬಾಗೇಪಲ್ಲಿಯವರೇ, ಮೊದಲು ನಿಮಗೆ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ. ಆದ್ದರಿಂದ ತುಸು ಗಟ್ಟಿಯೇ ಆಗುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಿಮ್ಮದು ಅದನ್ನೂ ದಾಟಿದೆ. ಕುಡಿಯಲು ಮತ್ತು ಅಡುಗೆಗೆ ಬೇರೆ ನೀರು ನೋಡಿಕೊಳ್ಳಿ.

ಇನ್ನು ಗಡಿಗೆನೀರು ಅವರಿಗೆ. ಬಾಗೇಪಲ್ಲಿಯವರು ಕೇಳಿದ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ನಿಮ್ಮ ನಾಲ್ಕು ಸಾಲು ಓದಿ ಅವರು ಫಿಲ್ಟರ್ ಅರ್ಧ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರು. ನಿಮ್ಮ ರಿವ್ಯೂವರ್ ಕೂಡ ಹಾಗೆಯೇ ಓದಿದ್ದಾರೆ ಎಂದು ನನ್ನ ಅನುಮಾನ. ಪೇಪರಿನ ಶೀರ್ಷಿಕೆ ಮತ್ತು ಸಾರಾಂಶದ ಕೊನೆಯ ವಾಕ್ಯ ಹೇಳುತ್ತೀರಾ?

ಗಡಿಗೆನೀರು

ಸರ್, ಶೀರ್ಷಿಕೆ: "ಮನೆಬಳಕೆಯ ಅಲ್ಯೂಮಿನಾ ಫಿಲ್ಟರ್‌ಗಳ ಆಯುಷ್ಯದ ಮೇಲೆ ಬೈಕಾರ್ಬೊನೇಟಿನ ಪರಿಣಾಮ." ಕೊನೆಯ ವಾಕ್ಯ: "ಬೈಕಾರ್ಬೊನೇಟ್ ಹೆಚ್ಚಿರುವ ಹಳ್ಳಿಗಳಲ್ಲಿ ಈ ಫಿಲ್ಟರ್‌ಗಳು ಅರ್ಧ ಅವಧಿಯಲ್ಲೇ ಸೋಲುತ್ತವೆ ಎಂದು ನಮ್ಮ ಫಲಿತಾಂಶಗಳು ತೋರಿಸುತ್ತವೆ."

ಬರೆದಾಗ ಚೆನ್ನಾಗಿ ಕಂಡಿತ್ತು. ಈಗ ಟೈಪ್ ಮಾಡುವಾಗ ಹೊಟ್ಟೆಯಲ್ಲಿ ಏನೋ ಆಯಿತು.

ಹಳೇತಕ್ಕಡಿ

ಆಗಬೇಕಾದದ್ದೇ. ನೀವು ಬಾಟಲಿ ಅಲ್ಲಾಡಿಸಿದ್ದೀರಿ. ಹೇಳಿದ್ದು ಹಳ್ಳಿಯ ಫಿಲ್ಟರ್ ಬಗ್ಗೆ. ಆ ಎರಡರ ನಡುವಿನ ಕಂದಕಕ್ಕೆ ಸೇತುವೆ ಕಟ್ಟಿ ಎಂದು ರಿವ್ಯೂವರ್ ಕೇಳುತ್ತಿದ್ದಾರೆ. ಸೇತುವೆ ಕಟ್ಟುವುದಿಲ್ಲ ಎನ್ನುವ ಹಕ್ಕು ನಿಮಗಿದೆ, ಆದರೆ ಆಗ ನೀವು ಈಚೆ ದಡದಲ್ಲೇ ನಿಲ್ಲಬೇಕು. "ಅಧ್ಯಯನದ ವ್ಯಾಪ್ತಿಗೆ ಮೀರಿದ್ದು" ಎಂದು ಬರೆದು ಶೀರ್ಷಿಕೆಯಲ್ಲಿ ಫಿಲ್ಟರಿನ ಆಯುಷ್ಯವನ್ನೇ ಇಟ್ಟರೆ, ವ್ಯಾಪ್ತಿಯನ್ನು ಅಷ್ಟು ದೂರ ಎಳೆದವರು ನೀವೇ ಎಂದು ಯಾವ ಸಂಪಾದಕರಿಗಾದರೂ ಕಾಣುತ್ತದೆ.

ನಾನು ಹಲವು ವರ್ಷ ಒಂದು ಜರ್ನಲಿನಲ್ಲಿ ಸಹಾಯಕ ಸಂಪಾದಕನಾಗಿದ್ದೆ. ಇಂಥ ಪತ್ರ ಬಂದಾಗ ನಾನು ಮೊದಲು ನೋಡುತ್ತಿದ್ದುದು ಪ್ರಯೋಗ ಮಾಡದಿರಲು ಕೊಟ್ಟ ಕಾರಣವನ್ನಲ್ಲ; ಪ್ರಬಂಧದಲ್ಲಿ ಏನು ಬದಲಾಗಿದೆ ಎಂಬುದನ್ನು. ಏನೂ ಬದಲಾಗಿಲ್ಲದಿದ್ದರೆ ಅದು ವಿನಯದ ವೇಷದಲ್ಲಿರುವ ನಿರಾಕರಣೆ, ಅಷ್ಟೆ. ಅದನ್ನು ಹಾಗೆಯೇ ರಿವ್ಯೂವರ್‌ಗೆ ಮರಳಿಸುತ್ತಿದ್ದೆ, ಅವರು ಎರಡನೆಯ ಸಲ ಇನ್ನೂ ಸಿಟ್ಟಿನಿಂದ ಬರೆಯುತ್ತಿದ್ದರು.

ಮೊದಲಮಳೆಯವರು ಸಂಪಾದಕರೇ ನಿರ್ಧರಿಸುವವರು ಎಂದದ್ದು ನಿಜ. ಆದರೆ ರಿವ್ಯೂವರ್ ಮೇಲೆ ದೂರು ಹೇಳುವುದು ಬೇಡ. ಆ ರಿವ್ಯೂವರನ್ನು ಆರಿಸಿದವರು ಅದೇ ಸಂಪಾದಕರು.

ಅಳತೆಗೋಲು

ಒಂದೂವರೆ ವರ್ಷದ ಲೆಕ್ಕ ಹೇಗೆ ಬಂತು? ನನಗೆ ಅದೇ ಚುಚ್ಚುತ್ತಿದೆ.

ಗಡಿಗೆನೀರು

ಮನೆಯ ಫಿಲ್ಟರಿನಲ್ಲಿ 3 ಕಿಲೋ ಅಲ್ಯೂಮಿನಾ ಇಟ್ಟುಕೊಳ್ಳಿ. ಗ್ರಾಂಗೆ ಸುಮಾರು 1 ಮಿಲಿಗ್ರಾಂ ಹಿಡಿದರೆ ಒಟ್ಟು 3000 ಮಿಲಿಗ್ರಾಂ. ಲೀಟರಿಗೆ ಸುಮಾರು 2.5 ಮಿಲಿಗ್ರಾಂ ತೆಗೆಯಬೇಕೆಂದರೆ 1200 ಲೀಟರ್. ದಿನಕ್ಕೆ 20 ಲೀಟರ್ ಬಳಸಿದರೆ 60 ದಿನಕ್ಕೊಂದು ಪುನಶ್ಚೇತನ. ಹತ್ತು ಸಲಕ್ಕೆ 600 ದಿನ. ಸ್ವಲ್ಪ ಕಡಿಮೆ ಮಾಡಿ ಒಂದೂವರೆ ವರ್ಷ ಎಂದೆ.

ಅಳತೆಗೋಲು

ಲೆಕ್ಕ ತಪ್ಪಿಲ್ಲ, ಆದರೆ ಮನೆಯ ಫಿಲ್ಟರನ್ನೇ ಪ್ರಯೋಗಾಲಯದಲ್ಲಿ ಇಡಿ ಎಂದು ಯಾರು ಹೇಳಿದರು? ಸಣ್ಣ ಗಾಜಿನ ಕಾಲಂನಲ್ಲಿ 10 ಗ್ರಾಂ ತುಂಬಿ. ಸುಮಾರು 12 ಮಿಲಿಲೀಟರ್ ಜಾಗ ಹಿಡಿಯುತ್ತದೆ. ನೀರು ಆ ಹಾಸನ್ನು ದಾಟಲು ಹತ್ತು ನಿಮಿಷ ಕೊಟ್ಟರೆ ಗಂಟೆಗೆ 72 ಮಿಲಿಲೀಟರ್ ಹರಿಯುತ್ತದೆ. ನಿಮ್ಮದೇ ಲೆಕ್ಕದಲ್ಲಿ 10 ಗ್ರಾಂಗೆ ಬೇಕಾದ ನೀರು 4 ಲೀಟರ್. ಅದು ಎರಡೂವರೆ ದಿನದೊಳಗೆ ಮುಗಿಯುತ್ತದೆ. ಕ್ಷಾರ, ಆಮ್ಲ ಹಾಯಿಸಿ ತೊಳೆಯಲು ಇನ್ನೊಂದು ದಿನ. ಹತ್ತು ಆವೃತ್ತಿಗೆ ಹೆಚ್ಚೆಂದರೆ ಒಂದೂವರೆ ತಿಂಗಳು, ಐದು ಹಳ್ಳಿಗಳ ನೀರಿಗೆ ಐದು ಕಾಲಂ ಪಕ್ಕಪಕ್ಕ.

ರಿವ್ಯೂವರ್‌ಗೆ ಕಾಲಂ ಕೆಲಸ ಗೊತ್ತಿದ್ದರೆ (ಕೇಳಿದ ರೀತಿ ನೋಡಿದರೆ ಗೊತ್ತಿದೆ) ಈ ಲೆಕ್ಕವನ್ನು ಐದು ನಿಮಿಷದಲ್ಲಿ ಮಾಡುತ್ತಾರೆ. ಆಮೇಲೆ ನಿಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ಒಂದೂವರೆ ವರ್ಷ ಎಂಬುದನ್ನು ಅಳಿಸಿ.

ಹಳೇತಕ್ಕಡಿ

ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಅಷ್ಟು ಸಣ್ಣ ಕಾಲಂನಲ್ಲಿ ಮನೆಯ ಫಿಲ್ಟರಿನ ದಪ್ಪ ಕಾಳು ಹಾಕಿದರೆ ನೀರು ಗೋಡೆಯ ಪಕ್ಕದಲ್ಲಿ ನುಸುಳಿ ಓಡುತ್ತದೆ. ಕಾಳನ್ನು ಕುಟ್ಟಿ ಸಣ್ಣದು ಮಾಡಿದರೆ ಫ್ಲೋರೈಡ್ ಒಳಗಿಳಿಯುವ ವೇಗ ಬದಲಾಗುತ್ತದೆ, ಅಂದರೆ ಫಲಿತಾಂಶ ಮನೆಯ ಫಿಲ್ಟರಿನದಾಗಿ ಉಳಿಯುವುದಿಲ್ಲ. ಆದ್ದರಿಂದ ಒಂದೂವರೆ ತಿಂಗಳ ಪ್ರಯೋಗ ಮಾಡಿದರೂ ರಿವ್ಯೂವರ್ ಕೇಳಿದ ಉತ್ತರ ಅರ್ಧವೇ ಸಿಗುತ್ತದೆ. ಇದು ಸಮಯದ ಮಾತಲ್ಲ, ಪ್ರಯೋಗಕ್ಕೂ ಪ್ರಶ್ನೆಗೂ ಇರುವ ನಂಟಿನ ಮಾತು. ಪತ್ರದಲ್ಲಿ ಬರೆಯಬೇಕಾದದ್ದು ಇಂಥದ್ದನ್ನು. ಹಣವಿಲ್ಲ, ಪಂಪ್ ಇಲ್ಲ, ವಿದ್ಯಾರ್ಥಿ ಹೊರಟುಹೋದ ಎಂಬುದೆಲ್ಲ ನಿಜವಿರಬಹುದು. ಆದರೆ ಅದು ನಿಮ್ಮ ಮನೆಯ ಕಷ್ಟ, ತೀರ್ಮಾನ ಸರಿಯೋ ತಪ್ಪೋ ಎಂಬುದಕ್ಕೆ ಅದು ಉತ್ತರವಲ್ಲ.

ಇಲಿಬೋನು

ನಾನು ಜೀವಶಾಸ್ತ್ರದವನು, ನೀರಿನ ಸಂಗತಿ ತಿಳಿಯದು. ನಮ್ಮ ಕತೆ ಹೇಳುತ್ತೇನೆ. ಒಂದು ಪ್ರೋಟೀನ್ ಕಡಿಮೆ ಮಾಡಿದರೆ ಜೀವಕೋಶ ನಿಧಾನವಾಗಿ ಚಲಿಸುತ್ತದೆ ಎಂದು ಬರೆದಿದ್ದೆವು. ಕಡಿಮೆ ಮಾಡಲು ಬಳಸಿದ್ದು ಒಂದೇ ಒಂದು ಎಸ್‌ಐಆರ್‌ಎನ್‌ಎ, ಅಂದರೆ ಜೀನಿನ ಕೆಲಸ ತಡೆಯುವ ಸಣ್ಣ ಆರ್‌ಎನ್‌ಎ ತುಣುಕು. ರಿವ್ಯೂವರ್ ಆ ಜೀನ್ ಇಲ್ಲದ ಇಲಿಯನ್ನೇ ತಯಾರಿಸಿ ತೋರಿಸಿ ಎಂದರು. ಇಲಿಯ ತಳಿ ತಯಾರಾಗಿ ಬರುವಷ್ಟರಲ್ಲಿ ನನ್ನ ಫೆಲೋಶಿಪ್ ಮುಗಿದಿರುತ್ತಿತ್ತು.

ಒಂದು ವಾರ ಬೈದುಕೊಂಡು ತಿರುಗಾಡಿದೆ. ಆಮೇಲೆ ನಮ್ಮ ಗೈಡ್ ಕೇಳಿದರು, "ಅವರಿಗೆ ನಿಜವಾಗಿ ಇರುವ ಭಯ ಏನು?" ಆ ಒಂದು ಎಸ್‌ಐಆರ್‌ಎನ್‌ಎ ಬೇರೆ ಯಾವುದೋ ಜೀನನ್ನೂ ಮುಟ್ಟಿರಬಹುದು ಎಂಬುದೇ ಅವರ ಭಯ. ಅದಕ್ಕೆ ಇಲಿ ಬೇಡ. ಅದೇ ಜೀನಿನ ಬೇರೆ ಭಾಗಕ್ಕೆ ಕೂರುವ ಎರಡನೆಯ ಎಸ್‌ಐಆರ್‌ಎನ್‌ಎ ತರಿಸಿದೆವು. ಮತ್ತೆ ಅದಕ್ಕೆ ಸಿಗದಂತೆ ಅಕ್ಷರ ಬದಲಿಸಿದ ಜೀನನ್ನು ಜೀವಕೋಶಕ್ಕೆ ಮರಳಿ ಕೊಟ್ಟೆವು, ಚಲನೆ ಮರಳಿತು. ಪತ್ರದಲ್ಲಿ ಇಲಿಯನ್ನು ಬೇಡವೆಂದೆವು, ಭಯವನ್ನು ಒಪ್ಪಿಕೊಂಡೆವು. ಪೇಪರ್ ಬಂತು.

ಮೊದಲಮಳೆ

ಅಂದರೆ ಕೊನೆಗೆ ಎಲ್ಲರೂ ಯಾವುದೋ ಒಂದು ಪ್ರಯೋಗ ಮಾಡಿಯೇ ತೀರಬೇಕು ಎಂದಾಯಿತು! ನನ್ನ ಎರಡು ಪೇಪರ್‌ಗಳಲ್ಲಿ ಹಾಗೇನೂ ಮಾಡಿಲ್ಲ.

ಹಳೇತಕ್ಕಡಿ

ಮಾಡಲೇಬೇಕೆಂದಿಲ್ಲ. ನಿಮ್ಮ ಪೇಪರ್‌ಗಳಲ್ಲಿ ಹೇಳಿಕೆ ಮೊದಲೇ ಬಿಗಿಯಾಗಿದ್ದಿರಬಹುದು, ಆಗ ಒಂದು ಸಾಲೇ ಸಾಕಾಗುತ್ತದೆ.

ಗಡಿಗೆನೀರು ಅವರೇ, ನನಗೆ ಮೂರನೆಯ ಅಂಶಕ್ಕಿಂತ ಎರಡನೆಯದರ ಚಿಂತೆ ಹೆಚ್ಚಾಗಿದೆ. ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬೈಕಾರ್ಬೊನೇಟ್ ಇಲ್ಲದ ಬಾಟಲಿಯನ್ನು 8.2ಕ್ಕೆ ತಂದದ್ದು ಆರಂಭದಲ್ಲಿ. ಒಂದು ದಿನ ಅಲ್ಲಾಡಿಸಿದ ಮೇಲೆ ಎಷ್ಟಿತ್ತು? ಶುದ್ಧ ನೀರನ್ನು 8.2ಕ್ಕೆ ತರಲು ಹಿಡಿಯುವ ಕ್ಷಾರ ತೀರಾ ಅತ್ಯಲ್ಪ, ಅದನ್ನು ಅಲ್ಯೂಮಿನಾ ಕಣ್ಣು ಮುಚ್ಚಿ ತೆರೆಯುವುದರೊಳಗೆ ನುಂಗಿಬಿಡುತ್ತದೆ. ಬೈಕಾರ್ಬೊನೇಟ್ ಇರುವ ಬಾಟಲಿಯಲ್ಲಿ ಮಾತ್ರ ಪಿಎಚ್ ಹಿಡಿದು ನಿಲ್ಲುತ್ತದೆ. ಅಲ್ಯೂಮಿನಾವನ್ನು ಮೊದಲು ಆಮ್ಲದಲ್ಲಿ ತೊಳೆದಿದ್ದಿರಾ?

ಗಡಿಗೆನೀರು

ತೊಳೆದಿದ್ದೆವು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ. ನೋಟ್‌ಬುಕ್ ತೆಗೆದು ನೋಡಿದೆ. ಕೊನೆಯ ಪಿಎಚ್ ಬರೆದಿಟ್ಟಿದ್ದೇನೆ, ಪೇಪರಿನಲ್ಲಿ ಹಾಕಿರಲಿಲ್ಲ. 400 ಮಿಲಿಗ್ರಾಂ ಬೈಕಾರ್ಬೊನೇಟ್ ಇದ್ದದ್ದು 8.1. ಇಲ್ಲದ್ದು 6.9.

ಅಯ್ಯೋ.

ಅಳತೆಗೋಲು

ಅಯ್ಯೋ ಎನ್ನಬೇಡಿ, ಬರೆದಿಟ್ಟಿದ್ದೀರಲ್ಲ, ಅದೇ ದೊಡ್ಡದು. ಆದರೆ ಈಗ ಎರಡು ಬಾಟಲಿಗಳ ನಡುವೆ ಇರುವ ವ್ಯತ್ಯಾಸ ಬೈಕಾರ್ಬೊನೇಟ್ ಒಂದೇ ಅಲ್ಲ. 6.9ರಲ್ಲಿ ಅಲ್ಯೂಮಿನಾದ ಮೈಮೇಲೆ ಧನ ವಿದ್ಯುದಂಶ ಹೆಚ್ಚು, ಫ್ಲೋರೈಡನ್ನು ಬಾ ಎಂದು ಕರೆಯುತ್ತದೆ. 8ರ ಮೇಲೆ ಹೋದಂತೆ ಆ ಸೆಳೆತ ಕುಗ್ಗುತ್ತದೆ. ನೀವು ಅಳೆದ ಅರ್ಧ ಕುಸಿತದಲ್ಲಿ ಬೈಕಾರ್ಬೊನೇಟಿನ ಪಾಲೆಷ್ಟು, ಪಿಎಚ್ ಪಾಲೆಷ್ಟು, ಯಾರಿಗೂ ಗೊತ್ತಿಲ್ಲ.

ಆಮ್ಲ ಹಾಕಿ ಎರಡನ್ನೂ 7ಕ್ಕೆ ಇಳಿಸಿ ಹೋಲಿಸೋಣ ಎಂದು ಹೊರಡಬೇಡಿ. ಆಮ್ಲ ಹಾಕಿದರೆ ಬೈಕಾರ್ಬೊನೇಟಿನ ಒಂದು ಭಾಗ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಯಾವುದನ್ನು ಪರೀಕ್ಷಿಸಬೇಕೋ ಅದೇ ಬಾಟಲಿಯಿಂದ ಜಾರಿಕೊಳ್ಳುತ್ತದೆ. ಬೈಕಾರ್ಬೊನೇಟ್ ಇಲ್ಲದ ಬಾಟಲಿಯನ್ನೇ ಗಂಟೆಗೊಮ್ಮೆ ಹನಿ ಹನಿ ಕ್ಷಾರ ಹಾಕಿ 8.1ರ ಸುತ್ತ ಹಿಡಿದಿಡಿ. ಮೊದಲ ಆರು ಗಂಟೆ ಪಕ್ಕದಲ್ಲಿ ಕೂತಿರಬೇಕು. ಒಂದೇ ದಿನದ ಕೆಲಸ, ಮೂರು ಸಲ ಮಾಡಿದರೆ ಮೂರು ದಿನ.

ಗಡಿಗೆನೀರು

ಮೂರು ದಿನ ಶೇಕರ್ ಪಕ್ಕದಲ್ಲೇ ಕೂತೆ. ಕ್ಷಾರದ ಹನಿಗಳನ್ನು ಎಣಿಸಿ ಎಣಿಸಿ ಕಣ್ಣು ಸೋತಿತು. ಮೂರೂ ಸಲ ಹತ್ತಿರ ಹತ್ತಿರವೇ ಬಂತು: ಪಿಎಚ್ ಹಿಡಿದಿಟ್ಟ ಬಾಟಲಿಯಲ್ಲಿ ಬೈಕಾರ್ಬೊನೇಟ್ ಇಲ್ಲದೆಯೇ 2.0 ಮಿಲಿಗ್ರಾಂ ಫ್ಲೋರೈಡ್ ಉಳಿಯುತ್ತದೆ. ಅಂದರೆ ಹೀರುವ ಶಕ್ತಿ 0.60. ಮೊದಲು 0.84 ಎಂದಿದ್ದೆ. 0.84ರಿಂದ 0.60ಕ್ಕೆ ಇಳಿದದ್ದು ಪಿಎಚ್‌ನಿಂದ, 0.60ರಿಂದ 0.42ಕ್ಕೆ ಇಳಿದದ್ದು ಬೈಕಾರ್ಬೊನೇಟಿನಿಂದ. ಅರ್ಧಕ್ಕಿಂತ ಹೆಚ್ಚು ಪಾಲು ನಾನು ಹೇಳಿದ ಕಾರಣದ್ದೇ ಅಲ್ಲ.

ಮೂರನೆಯ ಅಂಶದ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ನಿಜವಾದ ಪ್ರಶ್ನೆ ಎರಡನೆಯದರಲ್ಲಿತ್ತು.

ಪತ್ರದ ಎರಡನೆಯ ಕರಡು ಇದು. ಈ ಸಲ ರಿವ್ಯೂವರ್ ಮಾತನ್ನು ಚಿಕ್ಕದು ಮಾಡದೆ ಪೂರ್ತಿ ಹಾಗೆಯೇ ಇಟ್ಟು ಅದರ ಕೆಳಗೆ ಬರೆದಿದ್ದೇನೆ.

ಅಂಶ 2ಕ್ಕೆ: "ರಿವ್ಯೂವರ್ ಹೇಳಿದ್ದು ಸರಿ. ಮೊದಲ ಹಸ್ತಪ್ರತಿಯಲ್ಲಿ ಆರಂಭದ ಪಿಎಚ್ ಮಾತ್ರ ಸಮವಾಗಿತ್ತು. ಕೊನೆಗೆ ಅದು 6.9 ಮತ್ತು 8.1 ಆಗಿತ್ತು. ಪಿಎಚ್ ಹಿಡಿದಿಟ್ಟು ಪ್ರಯೋಗವನ್ನು ಮೂರು ಬಾರಿ ಮತ್ತೆ ನಡೆಸಿದ್ದೇವೆ. ಒಟ್ಟು ಕುಸಿತದ ಹೆಚ್ಚಿನ ಪಾಲು ಪಿಎಚ್‌ನಿಂದ ಬಂದದ್ದು ಎಂದು ಈಗ ಕಾಣುತ್ತದೆ. ಎಲ್ಲ ಬಾಟಲಿಗಳ ಕೊನೆಯ ಪಿಎಚ್ ಅನ್ನು ಕೋಷ್ಟಕಕ್ಕೆ ಸೇರಿಸಿದ್ದೇವೆ, ಚರ್ಚೆಯ ಭಾಗವನ್ನು ತಿದ್ದಿದ್ದೇವೆ."

ಅಂಶ 3ಕ್ಕೆ: "ನಮ್ಮ ಮೊದಲ ಶೀರ್ಷಿಕೆ ಮತ್ತು ಸಾರಾಂಶ ಫಿಲ್ಟರಿನ ಆಯುಷ್ಯದ ಬಗ್ಗೆ ಹೇಳಿಕೆ ನೀಡಿದ್ದವು, ಆ ಹೇಳಿಕೆಗೆ ಕಾಲಂ ಪ್ರಯೋಗ ಬೇಕೆಂಬುದನ್ನು ಒಪ್ಪುತ್ತೇವೆ. ಆ ಹೇಳಿಕೆಯನ್ನು ಎರಡೂ ಕಡೆಯಿಂದ ತೆಗೆದಿದ್ದೇವೆ. ಉಳಿದಿರುವ ಪ್ರಶ್ನೆ, ಪಿಎಚ್ ಮತ್ತು ಬೈಕಾರ್ಬೊನೇಟ್ ಇವುಗಳ ಪಾಲನ್ನು ಬೇರ್ಪಡಿಸುವುದು. ಹಳ್ಳಿಯ ನೀರಿನಲ್ಲಿ ಸಿಲಿಕಾ, ಫಾಸ್ಫೇಟ್ ಮೊದಲಾದವೂ ಅಲ್ಯೂಮಿನಾಕ್ಕಾಗಿ ಪೈಪೋಟಿ ನಡೆಸುವುದರಿಂದ, ಕಾಲಂನಲ್ಲಿ ಕಾಣುವ ಕುಸಿತವನ್ನು ಈ ಎರಡರ ನಡುವೆ ಹಂಚಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಕಾಲಂ ಪ್ರಯೋಗ ಈ ಪ್ರಬಂಧದ ತೀರ್ಮಾನವನ್ನು ಗಟ್ಟಿ ಮಾಡುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಎಂದು ನಮ್ಮ ಅಭಿಪ್ರಾಯ. ಫಿಲ್ಟರಿನ ಆಯುಷ್ಯವನ್ನು ಈ ಅಂಕಿಗಳಿಂದ ಊಹಿಸಬಾರದು ಎಂಬ ಮಾತನ್ನು ಚರ್ಚೆಯ ಕೊನೆಯಲ್ಲಿ ಸ್ಪಷ್ಟವಾಗಿ ಸೇರಿಸಿದ್ದೇವೆ."

ಪುಟ ಮತ್ತು ಸಾಲಿನ ಸಂಖ್ಯೆ ಕೊನೆಗೆ ಹಾಕುತ್ತೇನೆ. "ಹೃತ್ಪೂರ್ವಕ" ಹೋಯಿತು, "ಮುಂದಿನ ಅಧ್ಯಯನ"ವೂ ಹೋಯಿತು.

ಹಳೇತಕ್ಕಡಿ

ಇದು ಪತ್ರ. ಎರಡನೆಯ ಅಂಶದಲ್ಲಿ ಸೋಲೊಪ್ಪಿಕೊಂಡದ್ದರಿಂದ ಮೂರನೆಯದರ "ಇಲ್ಲ" ಎಂಬುದಕ್ಕೆ ತೂಕ ಬಂದಿದೆ. ಒಂದು ತಿದ್ದುಪಡಿ: "ಅಲ್ಲಗಳೆಯುವುದೂ ಇಲ್ಲ" ಎಂಬುದು ಜಾಸ್ತಿಯಾಯಿತು. ಹಳ್ಳಿಯ ನೀರಿನಲ್ಲಿ ಬೈಕಾರ್ಬೊನೇಟಿನ ಪರಿಣಾಮ ಕಾಣದಷ್ಟು ಸಣ್ಣದೆಂದು ಯಾರಾದರೂ ತೋರಿಸಿದರೆ ನಿಮ್ಮ ಪೇಪರಿನ ಬೆಲೆ ಇಳಿಯುತ್ತದೆ. ಎರಡರ ಪಾಲನ್ನು ಬೇರ್ಪಡಿಸಲು ಕಾಲಂ ನೆರವಾಗುವುದಿಲ್ಲ ಎಂದಷ್ಟೇ ಹೇಳಿ.

ಇಲಿಬೋನು

ಊರಿನ ನೀರು ಒಂದು ಕ್ಯಾನ್ ತಂದು ಇದೇ ಬಾಟಲಿ ಪ್ರಯೋಗ ಮಾಡಿ ಪೂರಕ ಪುಟಗಳಲ್ಲಿ ಹಾಕಬಾರದೇ? ರಿವ್ಯೂವರ್‌ಗೂ ಸಮಾಧಾನ.

ಅಳತೆಗೋಲು

ನಾನು ಬೇಡ ಎನ್ನುತ್ತೇನೆ. ಒಂದು ಊರಿನ ನೀರು ತೋರಿಸಿದರೆ ಐದು ಕೇಳಿದ್ದೆ, ಒಂದೇ ಏಕೆ ಎಂಬ ಪ್ರಶ್ನೆ ಬರುತ್ತದೆ. ಸಿಲಿಕಾ ಅಳೆದಿದ್ದೀರಾ ಎಂಬುದು ಅದರ ಹಿಂದೆಯೇ. ಮುಚ್ಚಿದ ಬಾಗಿಲನ್ನು ನೀವೇ ತೆರೆದಂತೆ.

ಹಳೇತಕ್ಕಡಿ

ನನಗೆ ಇಲಿಬೋನು ಹೇಳಿದ್ದೇ ಹಿಡಿಸಿತು. ಸಂಪಾದಕನಾಗಿ ಆ ಒಂದು ಬಾಟಲಿಯನ್ನು ನೋಡಿದ್ದರೆ ಸಂತೋಷಪಡುತ್ತಿದ್ದೆ. ಆದರೆ ಅಳತೆಗೋಲು ಹೇಳಿದಂತೆ ಆಗಿದ್ದನ್ನೂ ಕಂಡಿದ್ದೇನೆ.

ಮೊದಲಮಳೆ

ನನಗೊಂದು ಅನುಮಾನ. ಶೀರ್ಷಿಕೆಯಿಂದ ಫಿಲ್ಟರನ್ನೇ ತೆಗೆದರೆ ಈ ಪೇಪರನ್ನು ಯಾರು ಓದುತ್ತಾರೆ? ಆ ಜರ್ನಲ್ ಕುಡಿಯುವ ನೀರಿನದು. ಸಂಪಾದಕರೇ "ಇದು ನಮಗೆ ಹೊಂದುವುದಿಲ್ಲ" ಎಂದುಬಿಟ್ಟರೆ?

ಗಡಿಗೆನೀರು

ನಮ್ಮ ಗೈಡ್ ಕೂಡ ಇವತ್ತು ಅದನ್ನೇ ಹೇಳಿದರು. ಅವರಿಗೆ ಶೀರ್ಷಿಕೆಯಲ್ಲಿ "ಫಿಲ್ಟರ್" ಇರಲೇಬೇಕು, "ಆಯುಷ್ಯ" ಹೋದರೆ ಪರವಾಗಿಲ್ಲವಂತೆ. ನನಗೆ ಎರಡೂ ಬೇಡ. ನಾಳೆ ಮತ್ತೆ ಕೂತು ಮಾತನಾಡಬೇಕು. ಊರಿನ ನೀರಿನ ಕ್ಯಾನ್ ಅಂತೂ ಅಣ್ಣ ಬಸ್ಸಿಗೆ ಹಾಕಿ ಕಳುಹಿಸಿದ್ದಾನೆ, ಹಾಕುವುದೋ ಬಿಡುವುದೋ ಅಳೆದ ಮೇಲೆ ನೋಡುತ್ತೇನೆ.

ಬಾಗೇಪಲ್ಲಿಮನೆ

ಅಮ್ಮನಿಗೆ ಕುದಿಸುವುದನ್ನು ನಿಲ್ಲಿಸಲು ಹೇಳಿದೆ. ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದೇವೆ. ಮೇಡಂ, ಫಿಲ್ಟರ್ ಎಷ್ಟು ದಿನ ಬರುತ್ತದೆ ಎಂದು ಗೊತ್ತಾದರೆ ಇಲ್ಲಿಯೇ ಬರೆಯಿರಿ.

ಗಡಿಗೆನೀರು

ಅದು ಈ ಪೇಪರಿನಿಂದ ಗೊತ್ತಾಗುವುದಿಲ್ಲ ಅಣ್ಣಾ. ಹಾಗೆಂದೇ ಈಗ ಅದರಲ್ಲಿ ಬರೆದಿದ್ದೇನೆ.